ಪೀಣ್ಯದ ಹಿರಿಯರ ನಂಬಿಕೆ ಗಳಿಸಬೇಕಾ? ಕೈಗಾರಿಕಾ ಸಂಘದಲ್ಲಿ ಯಾರೂ ಮುಟ್ಟದ ಕೆಲಸ ಹಿಡಿಯಿರಿ: ಸಮಗ್ರ ಮಾರ್ಗದರ್ಶಿ

ಪೀಣ್ಯದಲ್ಲಿ ಹೊಸದಾಗಿ ಮೆಷಿನ್ ಶಾಪ್ ಹಾಕಿದವರಿಗೆ ರೇಟ್ ಕಡಿಮೆ ಮಾಡಿದರೂ ಕೆಲಸ ಬರುವುದಿಲ್ಲ. ಕಾರಣ ಸರಳ. ಜಾಬ್‌ವರ್ಕ್ ಕೊಡುವವರು ತಮ್ಮ ಮಾಲನ್ನು ಒಂದು ಡೆಲಿವರಿ ಚಲನ್ ಮೇಲೆ ನಿಮ್ಮ ಶೆಡ್‌ಗೆ ಕಳಿಸಬೇಕು. ಕೆಲವು ಲಕ್ಷದ ಕಾಸ್ಟಿಂಗ್ ನಿಮ್ಮ ಹತ್ತಿರ ಇರುತ್ತದೆ. ಅದು ಕೆಟ್ಟರೆ ನಿಮ್ಮ ಜಾಬ್‌ವರ್ಕ್ ದುಡ್ಡು ಕೊಡದೆ ಇರಬಹುದು, ಆದರೆ ಅವರ ಗ್ರಾಹಕರ ಲೈನ್ ನಿಂತ ನಷ್ಟ ಯಾರು ಕೊಡುತ್ತಾರೆ? ಹಾಗಾಗಿ ಇಪ್ಪತ್ತು-ಮೂವತ್ತು ವರ್ಷದಿಂದ ಇರುವವರು ಗೊತ್ತಿದ್ದವರಿಗೇ ಮಾಲು ಕಳಿಸುತ್ತಾರೆ.

ಗೊತ್ತಿದ್ದವರಾಗುವುದು ಹೇಗೆ ಅನ್ನುವುದಕ್ಕೆ ನಮ್ಮಲ್ಲಿ ಇರುವ ಒಂದು ಒಳ್ಳೆಯ ದಾರಿ ಏರಿಯಾದ ಕೈಗಾರಿಕಾ ಸಂಘ. ಸದಸ್ಯರಾಗಿ ಗೋಡೆಗೆ ಸರ್ಟಿಫಿಕೇಟ್ ನೇತುಹಾಕುವುದರಿಂದ ಏನೂ ಆಗುವುದಿಲ್ಲ. ಉಪಸಮಿತಿಯಲ್ಲಿ ಸಂಬಳವಿಲ್ಲದ ಕೆಲಸ ಹಿಡಿದು, ಅದನ್ನು ತಿಂಗಳು ತಿಂಗಳು ತಪ್ಪದೆ ಮಾಡುವುದರಿಂದ ಆಗುತ್ತದೆ. ಇಲ್ಲಿ ನಾನು ಒಂದೇ ಕೆಲಸವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ: ವಿದ್ಯುತ್ ಉಪಸಮಿತಿ. ಎಲ್ಲರಿಗೂ ಬೇಕಾದದ್ದು, ಆದರೆ ಯಾರಿಗೂ ಪುರುಸೊತ್ತಿಲ್ಲದ್ದು.

ಮೊದಲು: ಯಾವ ಸಂಘ?

ಬೆಂಗಳೂರಲ್ಲಿ ಮೂರು ಮಟ್ಟದ ಸಂಘಗಳಿವೆ. ಎಫ್‌ಕೆಸಿಸಿಐ 1916ರಲ್ಲಿ ಹುಟ್ಟಿದ್ದು, ಇಡೀ ರಾಜ್ಯದ ವಾಣಿಜ್ಯ-ಕೈಗಾರಿಕೆಗಳ ಒಕ್ಕೂಟ. ಕಾಸಿಯಾ 1949ರಿಂದ ಇದೆ, ಸಣ್ಣ ಕೈಗಾರಿಕೆಗಳದ್ದು, ಅದೂ ರಾಜ್ಯಮಟ್ಟದ್ದೇ. ಮೂರನೆಯದು ಏರಿಯಾದ ಸಂಘಗಳು. ಪೀಣ್ಯ, ಬೊಮ್ಮಸಂದ್ರ, ಜಿಗಣಿ ಹೀಗೆ ದೊಡ್ಡ ಕೈಗಾರಿಕಾ ಪ್ರದೇಶಗಳಿಗೆ ತಮ್ಮದೇ ಸಂಘವಿದೆ.

ಹೊಸಬರು ಏರಿಯಾ ಸಂಘದಿಂದಲೇ ಶುರುಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ರಾಜ್ಯಮಟ್ಟದಲ್ಲಿ ನಿಮ್ಮ ಕೆಲಸ ನೋಡುವವರು ನಿಮಗೆ ಮಾಲು ಕಳಿಸುವವರಲ್ಲ. ಏರಿಯಾ ಸಂಘದಲ್ಲಿ ನಿಮ್ಮ ಪಕ್ಕದ ಕ್ರಾಸ್‌ನವರೇ ಕೂತಿರುತ್ತಾರೆ. ನೀವು ಹೇಳಿದ ದಿನ ಹೇಳಿದ ಕೆಲಸ ಮಾಡಿದಿರೋ ಇಲ್ಲವೋ ಅಂತ ಅವರಿಗೆ ಕಣ್ಣಾರೆ ಕಾಣುತ್ತದೆ.

ಸೇರಿದ ಮೇಲೆ ಬೈಲಾ ಓದಿ

ಸದಸ್ಯತ್ವಕ್ಕೆ ಸಾಮಾನ್ಯವಾಗಿ ಉದ್ಯಮ್ ನೋಂದಣಿ, ಜಿಎಸ್‌ಟಿ ಪ್ರಮಾಣಪತ್ರ, ಶೆಡ್‌ನ ವಿಳಾಸದ ದಾಖಲೆ ಕೇಳುತ್ತಾರೆ. ಹಳೆಯ ಸದಸ್ಯರೊಬ್ಬರ ಶಿಫಾರಸು ಬೇಕಾಗಬಹುದು. ಅದರಲ್ಲಿ ಹೇಳುವಂಥದ್ದೇನಿಲ್ಲ.

ಬೈಲಾ ಮಾತ್ರ ಕೇಳಿ ತೆಗೆದುಕೊಳ್ಳಿ. ಇಂಥ ಸಂಘಗಳು ಹೆಚ್ಚಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಬರುತ್ತವೆ. ಬೈಲಾದಲ್ಲಿ ಮೂರು ವಿಷಯ ಹುಡುಕಿ. ಚಂದಾ ಬಾಕಿ ಇದ್ದರೆ ಮತದ ಹಕ್ಕು ಏನಾಗುತ್ತದೆ? ಆಡಳಿತ ಸಮಿತಿಗೆ ನಿಲ್ಲಲು ಎಷ್ಟು ವರ್ಷ ಸದಸ್ಯರಾಗಿರಬೇಕು? ಉಪಸಮಿತಿಗೆ ಜನರನ್ನು ಯಾರು ನೇಮಿಸುತ್ತಾರೆ, ಅಧ್ಯಕ್ಷರೋ ಸಮಿತಿಯೋ? ಸಾಮಾನ್ಯವಾಗಿ ಉಪಸಮಿತಿಗೆ ಚುನಾವಣೆ ಇರುವುದಿಲ್ಲ. ಹೊಸಬರು ಒಳಗೆ ಬರುವ ಬಾಗಿಲು ಅದೇ.

ಚಂದಾ ವಿಷಯದಲ್ಲಿ ಒಂದು ಮಾತು. ಕೊನೆಯ ದಿನಕ್ಕೆ ಕಾಯಬೇಡಿ. ಸಂಘದ ಆಫೀಸಿನಲ್ಲಿ ಕೂತಿರುವ ಮ್ಯಾನೇಜರ್‌ಗೆ ಯಾರು ಫೋನ್ ಮಾಡಿಸಿಕೊಳ್ಳದೆ ಕಟ್ಟುತ್ತಾರೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಹಿರಿಯರು ನಿಮ್ಮ ಬಗ್ಗೆ ಮೊದಲು ವಿಚಾರಿಸುವುದೂ ಅವರನ್ನೇ.

ಕೆಲವು ಸಭೆ ಸುಮ್ನೆ ಕೂತು ಕೇಳಿ

ಹೊಸಬರು ಮೊದಲ ಸಭೆಯಲ್ಲೇ ಎದ್ದು ನಿಂತು "ಸರ್, ನಾವು ಒಂದು ಆ್ಯಪ್ ಮಾಡಬಹುದು" ಅಂದುಬಿಡುತ್ತಾರೆ. ಹಿರಿಯರು ನಗುತ್ತಾ ತಲೆಯಾಡಿಸುತ್ತಾರೆ. ಅದು ಒಪ್ಪಿಗೆ ಅಲ್ಲ. ಅವರು ಹಿಂದೆ ಇಂಥ ಬಹಳ ಆ್ಯಪ್‌ಗಳನ್ನು ನೋಡಿದ್ದಾರೆ.

ಸಭೆಯಲ್ಲಿ ಗಮನಿಸಬೇಕಾದದ್ದು ಒಂದೇ: ಯಾವ ವಿಷಯ ಪ್ರತಿ ಸಲ ಬರುತ್ತದೆ, ಯಾವುದರ ಮುಂದೆ ಯಾರ ಹೆಸರೂ ಇಲ್ಲ? ರಸ್ತೆ ಗುಂಡಿ, ಬೀದಿದೀಪ, ಆಸ್ತಿ ತೆರಿಗೆ, ಕರೆಂಟ್. ಕರೆಂಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. "ನಿನ್ನೆ ಮೂರು ಸಲ ಹೋಯ್ತು," "ನಮ್ಮ ಕಡೆ ದಿನಾ ಇದೇ." ಕೊನೆಗೆ ಯಾರೋ "ಬೆಸ್ಕಾಂಗೆ ಒಂದು ಲೆಟರ್ ಬರೆಯೋಣ" ಅನ್ನುತ್ತಾರೆ. ಮುಂದಿನ ತಿಂಗಳೂ ಅದೇ ಮಾತು. ಹೀಗೆ ತಿರುಗುತ್ತಿರುವ ವಿಷಯ ಸಿಕ್ಕರೆ ನಿಮ್ಮ ಕೆಲಸ ಸಿಕ್ಕಿತು ಅಂತ ಅರ್ಥ.

ಕೇಳುವುದು ಸಭೆಯಲ್ಲಿ ಬೇಡ. ಸಭೆ ಮುಗಿದ ಮೇಲೆ, ಕಾಫಿ ಹೊತ್ತಲ್ಲಿ, ಗೌರವ ಕಾರ್ಯದರ್ಶಿಗಳ ಹತ್ತಿರ ಹೋಗಿ. ಹುದ್ದೆ ಕೇಳಬೇಡಿ, ಕೆಲಸ ಕೇಳಿ. "ಸರ್, ಕರೆಂಟ್ ಹೋಗೋದರ ಲೆಕ್ಕ ಯಾರಾದರೂ ಇಡ್ತಾ ಇದ್ದಾರಾ? ಇಲ್ಲ ಅಂದರೆ ನಮ್ಮ ಎರಡು ಕ್ರಾಸ್‌ನದ್ದು ಒಂದು ತಿಂಗಳು ನಾನು ಬರೆದು ತಂದುಕೊಡ್ತೀನಿ." ಎರಡೇ ಕ್ರಾಸ್, ಒಂದೇ ತಿಂಗಳು. ಇಡೀ ಪೀಣ್ಯದ ಹೊಣೆ ಹೊತ್ತುಕೊಂಡರೆ ಎರಡನೇ ವಾರಕ್ಕೇ ಕೈ ಸೋಲುತ್ತದೆ.

ಮೊದಲ ತಿಂಗಳು: ಲೆಕ್ಕದ ಪುಸ್ತಕ

ಈಗ ನಿಜವಾದ ಕೆಲಸ. ನಿಮ್ಮ ಆಸುಪಾಸಿನ ಐದು ಘಟಕಗಳನ್ನು ಆರಿಸಿಕೊಳ್ಳಿ. ಮಾಲೀಕರನ್ನು ಕೇಳಿದ ಮೇಲೆ, ಅವರ ಸೂಪರ್‌ವೈಸರ್ ನಂಬರ್ ತೆಗೆದುಕೊಳ್ಳಿ. ಮಾಲೀಕರು ಬರೆಯುವುದಿಲ್ಲ, ಸೂಪರ್‌ವೈಸರ್ ಬರೆಯುತ್ತಾರೆ. ಪ್ರತಿ ಸಲ ಕರೆಂಟ್ ಹೋದಾಗ ಅವರು ಕಳಿಸಬೇಕಾದದ್ದು ಇಷ್ಟು:

ಹೋದ ಹೊತ್ತು. ಬಂದ ಹೊತ್ತು. ಮೆಷಿನ್ ಮತ್ತೆ ಕೆಲಸ ಶುರುಮಾಡಿದ ಹೊತ್ತು. ಇಡೀ ರಸ್ತೆಗೆ ಹೋಯಿತೋ, ನಿಮ್ಮ ಸಾಲಿಗೆ ಮಾತ್ರವೋ, ಒಂದೇ ಫೇಸೋ. 1912ಕ್ಕೆ ಫೋನ್ ಮಾಡಿದ್ದರೆ ದೂರಿನ ಸಂಖ್ಯೆ.

ಮೂರನೆಯ ಹೊತ್ತು ಯಾಕೆ ಬೇಕು ಅನ್ನುವುದನ್ನು ಮೆಷಿನ್ ಓಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ಮೂರು ನಿಮಿಷ ಹೋಗಿ ಬಂದಿರುತ್ತದೆ. ಆದರೆ ಸಿಎನ್‌ಸಿ ಕಟ್ಟಿಂಗ್ ಮಧ್ಯದಲ್ಲಿ ನಿಂತಿದ್ದರೆ ಟೂಲ್ ತುದಿ ಮುರಿದಿರಬಹುದು, ಜಾಬ್ ಕೆಟ್ಟಿರಬಹುದು. ಹೋಮ್ ಪೊಸಿಷನ್‌ಗೆ ತಂದು, ಟೂಲ್ ಬದಲಿಸಿ, ಅಳತೆ ನೋಡಿ ಶುರುಮಾಡುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಬೆಸ್ಕಾಂ ಪುಸ್ತಕದಲ್ಲಿ ಅದು ಮೂರೇ ನಿಮಿಷ. ಈ ಅಂತರವನ್ನು ಅಂಕಿಯಲ್ಲಿ ತೋರಿಸುವವರು ಸಂಘದಲ್ಲಿ ಕಡಿಮೆ.

ನಾಲ್ಕನೆಯದು ಇನ್ನೂ ಮುಖ್ಯ. ಇಡೀ ರಸ್ತೆಗೆ ಹೋದರೆ ದೋಷ ಸಾಮಾನ್ಯವಾಗಿ 11 ಕೆವಿ ಫೀಡರ್‌ನಲ್ಲಿ. ಒಂದು ಸಾಲಿಗೆ ಮಾತ್ರ ಹೋದರೆ ಅಲ್ಲಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಕಡೆ ನೋಡಬೇಕು. ಒಂದೇ ಫೇಸ್ ಹೋದರೆ ಫ್ಯೂಸ್ ಅಥವಾ ಜಂಪರ್ ಇರಬಹುದು. ಎದುರುಬದುರು ಶೆಡ್‌ಗಳು ಬೇರೆ ಬೇರೆ ಫೀಡರ್‌ನಲ್ಲಿರುವುದೂ ಉಂಟು. ಆದ್ದರಿಂದ ಲೈನ್‌ಮನ್ ಬಂದಾಗ ಕೇಳಿ, ಪ್ರತಿ ಘಟಕದ ಮುಂದೆ ಫೀಡರ್ ಹೆಸರು ಮತ್ತು ಟಿಸಿ ಸಂಖ್ಯೆ ಬರೆದುಕೊಳ್ಳಿ. ಈ ಒಂದು ಪಟ್ಟಿ ಇಲ್ಲದೆ ಉಳಿದ ಲೆಕ್ಕಕ್ಕೆ ಬೆಲೆ ಇಲ್ಲ.

ತಿಂಗಳ ಕೊನೆಗೆ ಏನು ಕಾಣುತ್ತದೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೇ ತಿಂಗಳು, ಸಂಜೆ ಮಳೆ. ಐದು ಘಟಕಗಳಿಂದ ಸೇರಿ 11 ಸಲ ಕರೆಂಟ್ ಹೋದ ಲೆಕ್ಕ ಬಂದಿದೆ. ಅದರಲ್ಲಿ 2 ಸಲ ಮೊದಲೇ ಪ್ರಕಟಿಸಿದ್ದ ಲೈನ್ ಕ್ಲಿಯರ್. ಅದನ್ನು ಪಕ್ಕಕ್ಕಿಡಿ. ಹೇಳಿ ತೆಗೆದ ಕರೆಂಟಿಗೆ ಜಗಳ ಆಡಿದರೆ ನಿಮ್ಮ ಪಟ್ಟಿಯನ್ನೇ ಯಾರೂ ನಂಬುವುದಿಲ್ಲ. ಉಳಿದ 9ರಲ್ಲಿ 7 ಸಲ ಹತ್ತು ನಿಮಿಷದ ಒಳಗೆ ಬಂದಿದೆ, ಆ ಏಳೂ ಗಾಳಿ-ಮಳೆಯ ಸಂಜೆ, ಏಳೂ ಒಂದೇ ಫೀಡರ್. ಉಳಿದ ಎರಡು ಒಂದು ಸಾಲಿಗೆ ಮಾತ್ರ ಹೋದದ್ದು, ಒಂದೇ ಟಿಸಿ, ಎರಡು ಸಲವೂ ಗಂಟೆಗಟ್ಟಲೆ.

ಈಗ ನಿಮ್ಮ ಕೈಯಲ್ಲಿರುವುದು ಗೋಳಲ್ಲ, ಎರಡು ಕೆಲಸ. ಒಂದು, ಆ ಫೀಡರ್ ಹೋಗುವ ದಾರಿಯಲ್ಲಿ ಕೊಂಬೆ ತಾಗುವ ಜಾಗ ಹುಡುಕುವುದು. ಬೈಕಿನಲ್ಲಿ ಒಂದು ಸುತ್ತು ಹಾಕಿ, ಯಾವ ಕಂಬದಿಂದ ಯಾವ ಕಂಬದವರೆಗೆ ಅಂತ ಫೋಟೋ ಸಮೇತ ಬರೆದುಕೊಳ್ಳಿ. ಎರಡು, ಆ ಟಿಸಿ ಮೇಲೆ ಲೋಡ್ ಜಾಸ್ತಿಯಾಗಿದೆಯಾ ನೋಡಿಸುವುದು.

ಇದನ್ನು ಒಂದೇ ಪುಟದಲ್ಲಿ ಕಾರ್ಯದರ್ಶಿಗಳಿಗೆ ಕೊಡಿ. ಮೇಲೆ ಸಂಘದ ಹೆಸರು ಇರಲಿ, ಕೆಳಗೆ ಸಹಿ ಅವರದ್ದಿರಲಿ. ನಿಮ್ಮ ಹೆಸರು ಬೇಡ. ಯಾರು ಮಾಡಿದ್ದು ಅಂತ ಸಮಿತಿಯಲ್ಲಿ ಎಲ್ಲರಿಗೂ ಗೊತ್ತಾಗಿಯೇ ಆಗುತ್ತದೆ.

ಬೆಸ್ಕಾಂ ಕಚೇರಿಗೆ ಹೋಗುವಾಗ

ಶುರುಮಾಡುವುದು ಕೆಳಗಿನಿಂದ. ಮೊದಲು ಶಾಖಾಧಿಕಾರಿ, ಆಮೇಲೆ ಉಪವಿಭಾಗದ ಎಇಇ, ಅಂದರೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಅದಾದ ಮೇಲೆ ವಿಭಾಗದ ಇಇ, ಅಂದರೆ ಕಾರ್ಯನಿರ್ವಾಹಕ ಎಂಜಿನಿಯರ್. ನೇರವಾಗಿ ಮೇಲಿನವರಿಗೆ ಬರೆದರೆ ಪತ್ರ ಕೆಳಗೇ ಬರುತ್ತದೆ, ಜೊತೆಗೆ ಕೆಳಗಿನವರ ಸಿಟ್ಟೂ ಬರುತ್ತದೆ. ಉಪವಿಭಾಗ ಕಚೇರಿಗಳಲ್ಲಿ ಗ್ರಾಹಕರ ಸಂವಾದ ಸಭೆ ನಡೆಸುವ ಪದ್ಧತಿಯಿದೆ. ದಿನ ಕೇಳಿಕೊಂಡು ಅಲ್ಲಿಗೆ ಹೋಗಿ.

ಒಬ್ಬರೇ ಹೋಗಬೇಡಿ. ಆ ಫೀಡರ್‌ನ ಹಿರಿಯ ಸದಸ್ಯರೊಬ್ಬರನ್ನು ಕರೆದುಕೊಂಡು ಹೋಗಿ. ಮಾತು ಅವರಾಡಲಿ, ಕಾಗದ ನಿಮ್ಮ ಕೈಲಿರಲಿ. ಅಧಿಕಾರಿ "ಯಾವ ದಿನ?" ಅಂದಾಗ ದಿನ, ಹೊತ್ತು, ದೂರಿನ ಸಂಖ್ಯೆ ಮೂರನ್ನೂ ನೀವು ಹೇಳಿದರೆ ಸಾಕು. ಹಿರಿಯರು ನಿಮ್ಮನ್ನು ಅಳೆಯುವುದು ಅಲ್ಲೇ. ಶಾಖಾಧಿಕಾರಿಗಳ ಕಷ್ಟವನ್ನೂ ಕೇಳಿಸಿಕೊಳ್ಳಿ. ಲೈನ್ ಮೇಲಿನ ಕೊಂಬೆ ಅವರು ಸವರಬಹುದು, ಆದರೆ ಮರವೇ ತೆಗೆಯಬೇಕಾದರೆ ಪಾಲಿಕೆಯ ಅರಣ್ಯ ವಿಭಾಗದ ಅನುಮತಿ ಬೇಕು. ಆ ಪತ್ರ ಸಂಘದಿಂದ ಹೋದರೆ ಅವರಿಗೂ ಅನುಕೂಲ.

ಅದೇ ಸಂಜೆ ಮೂರು ಸಾಲಿನ ವರದಿ ಬರೆಯಿರಿ. ನಾವು ಕೇಳಿದ್ದು ಏನು, ಅವರು ಒಪ್ಪಿದ್ದು ಏನು, ಯಾವ ದಿನದೊಳಗೆ. ಆ ದಿನ ಬಂದಾಗ ಹೋಗಿ ನೋಡಿ, ಆಗಿದ್ದರೆ "ಆಗಿದೆ" ಅಂತ, ಆಗಿಲ್ಲದಿದ್ದರೆ "ಆಗಿಲ್ಲ" ಅಂತಲೇ ಸಭೆಯಲ್ಲಿ ಹೇಳಿ. "ಪ್ರೋಸೆಸ್‌ನಲ್ಲಿದೆ ಸರ್" ಅನ್ನುವ ಮಾತನ್ನು ಹಿರಿಯರು ಸರ್ಕಾರಿ ಕಚೇರಿಗಳಲ್ಲಿ ಬೇಕಾದಷ್ಟು ಕೇಳಿದ್ದಾರೆ. ನಿಮ್ಮ ಬಾಯಲ್ಲೂ ಅದೇ ಬಂದರೆ ಅಲ್ಲಿಗೆ ಮುಗಿಯಿತು.

ಕೆಲವು ತಿಂಗಳಾದರೂ ಏನೂ ಆಗದಿದ್ದರೆ ಮುಂದಿನ ಮೆಟ್ಟಿಲು ಇದೆ. ವಿದ್ಯುತ್ ಕಾಯ್ದೆ, 2003ರ ಪ್ರಕಾರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್. ಅಲ್ಲಿಗೆ ಹೋಗುವ ಮೊದಲು ಸಮಿತಿಯ ನಿರ್ಣಯ ಬರೆಸಿಕೊಳ್ಳಿ. ಸಂಘದ ಹೆಸರಲ್ಲಿ ನೀವೇ ತೀರ್ಮಾನ ಮಾಡಿಬಿಟ್ಟರೆ, ಕೇಸ್ ಗೆದ್ದರೂ ಸಮಿತಿಯಲ್ಲಿ ಸೋತಂತೆ.

ಬಿಲ್ ನೋಡಿಕೊಡುವುದು, ಬಾಯಿ ಮುಚ್ಚಿಕೊಂಡಿರುವುದು

ಕರೆಂಟ್ ಲೆಕ್ಕ ಇಡುತ್ತೀರಿ ಅಂತ ಗೊತ್ತಾದ ಮೇಲೆ ಒಬ್ಬೊಬ್ಬರೇ ಬಿಲ್ ಹಿಡಿದು ಬರುತ್ತಾರೆ. "ಏನಪ್ಪಾ ಇದು, ಈ ತಿಂಗಳು ಯಾಕೆ ಇಷ್ಟು?" ಇದಕ್ಕೆ ಸ್ವಲ್ಪ ಕಲಿತಿರಬೇಕು.

ಡಿಮಾಂಡ್ ಲೆಕ್ಕದ ಬಿಲ್ ಇರುವ ಘಟಕಗಳಲ್ಲಿ ಪದೇ ಪದೇ ಕಾಣುವುದು ಎರಡು. ಮೊದಲನೆಯದು ಪವರ್ ಫ್ಯಾಕ್ಟರ್ ದಂಡ. ಕೆಪ್ಯಾಸಿಟರ್ ಕೆಟ್ಟಿದ್ದು ಯಾರಿಗೂ ಗೊತ್ತಾಗಿರುವುದಿಲ್ಲ, ಬಿಲ್‌ನಲ್ಲಿ ಮಾತ್ರ ಕಾಣುತ್ತದೆ. ಎರಡನೆಯದು ಮಂಜೂರಾದದ್ದಕ್ಕಿಂತ ಜಾಸ್ತಿ ಡಿಮಾಂಡ್, ಅಂದರೆ ಒಂದೇ ಹೊತ್ತಲ್ಲಿ ಎಳೆದ ಗರಿಷ್ಠ ಲೋಡ್. ಮಂಜೂರಾದದ್ದು 40 ಕಿಲೋವ್ಯಾಟ್, ಮೀಟರ್‌ನಲ್ಲಿ 46 ಬಂದಿದೆ ಅಂದುಕೊಳ್ಳಿ. ಆ ಹೆಚ್ಚಿನ 6 ಕಿಲೋವ್ಯಾಟ್‌ಗೆ ಮಾಮೂಲಿ ದರದ ಎರಡರಷ್ಟು ಬೀಳುತ್ತದೆ. ಯಾವ ಹೊತ್ತಲ್ಲಿ ಹೀಗಾಯಿತು ಅಂತ ಹುಡುಕಿದರೆ, ಕೆಲವು ಸಲ ಕರೆಂಟ್ ಹೋಗಿ ಬಂದ ತಕ್ಷಣ ಫರ್ನೇಸ್, ಕಂಪ್ರೆಸರ್, ಎಲ್ಲ ಮೆಷಿನ್ ಒಟ್ಟಿಗೆ ಹಾಕಿದ್ದು ಗೊತ್ತಾಗುತ್ತದೆ. ಫರ್ನೇಸ್ ಬಿಸಿಯಾಗುವವರೆಗೆ ಒಂದೆರಡು ಮೆಷಿನ್ ತಡವಾಗಿ ಶುರುಮಾಡಿ ಅಂದರೆ ಸಾಕು, ಖರ್ಚಿಲ್ಲದ ಪರಿಹಾರ. ದರಗಳು ಆಗಾಗ ಬದಲಾಗುತ್ತವೆ, ಹಾಗಾಗಿ ವಿದ್ಯುತ್ ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿಯ ಈಗಿನ ದರ ಆದೇಶ ಇಟ್ಟುಕೊಂಡೇ ಮಾತಾಡಿ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಕರೆಂಟ್ ಬಿಲ್ ಅಂದರೆ ಬರೀ ಬಿಲ್ ಅಲ್ಲ. ತಿಂಗಳಿಗೆ ಎಷ್ಟು ಯೂನಿಟ್ ಅಂತ ನೋಡಿದರೆ ಅವರಿಗೆ ಕೆಲಸ ಎಷ್ಟಿದೆ, ರಾತ್ರಿ ಪಾಳಿ ನಡೆಯುತ್ತಿದೆಯಾ ಇಲ್ಲವಾ ಎಲ್ಲ ಗೊತ್ತಾಗುತ್ತದೆ. ಪೀಣ್ಯದಲ್ಲಿ ಒಬ್ಬರ ಪಕ್ಕದ ಶೆಡ್‌ನವರೇ ಅವರ ಪ್ರತಿಸ್ಪರ್ಧಿ. "ಅವರಿಗೆ ಈಗ ಕೆಲಸ ಕಮ್ಮಿ ಅನ್ಸುತ್ತೆ" ಅಂತ ನಿಮ್ಮ ಬಾಯಿಂದ ಒಂದು ಸಲ ಬಂದರೆ ಸಂಘದಲ್ಲಿ ಇನ್ನು ಯಾರೂ ನಿಮಗೆ ಬಿಲ್ ತೋರಿಸುವುದಿಲ್ಲ. ಬಿಲ್ ಅವರ ಆಫೀಸಿನಲ್ಲೇ ನೋಡಿ, ಫೋಟೋ ತೆಗೆಯಬೇಡಿ. ಸಭೆಯಲ್ಲಿ ಅಂಕಿ ಹೇಳುವಾಗ ಫೀಡರ್ ಹೆಸರು ಹೇಳಿ, ಕಂಪನಿ ಹೆಸರು ಬೇಡ.

ನೀವೇ ಕೆಪ್ಯಾಸಿಟರ್ ಪ್ಯಾನೆಲ್, ಜನರೇಟರ್ ಅಥವಾ ಸೋಲಾರ್ ಮಾರುವವರಾದರೆ ಈ ಉಪಸಮಿತಿ ನಿಮಗಲ್ಲ. ರಸ್ತೆ ಉಪಸಮಿತಿಗೆ ಹೋಗಿ. ಇದರಲ್ಲಿ ರಿಯಾಯಿತಿ ಇಲ್ಲ ಅನ್ನುವುದು ನನ್ನ ಮಾತು, ಕೆಲವರು ಒಪ್ಪಲಿಕ್ಕಿಲ್ಲ.

ದರ ಏರಿಕೆ ಅರ್ಜಿ ಬಿದ್ದಾಗ ಬರುವ ದೊಡ್ಡ ಕೆಲಸ

ವಿದ್ಯುತ್ ಕಂಪನಿಗಳು ದರ ಏರಿಕೆಗೆ ಕೆಇಆರ್‌ಸಿಗೆ ಅರ್ಜಿ ಹಾಕಿದಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ ಅದರಲ್ಲೇ ಇರುತ್ತದೆ. ಆಮೇಲೆ ಸಾರ್ವಜನಿಕ ವಿಚಾರಣೆ. ದೊಡ್ಡ ಸಂಘಗಳು ಪ್ರತಿ ಸಲ ದರ ಏರಿಸಬೇಡಿ ಅಂತ ವಾದ ಮಾಡುತ್ತವೆ. ನಿಮ್ಮ ಸಂಘದ ಹತ್ತಿರ ಒಂದು ವರ್ಷದ ಕಡಿತದ ಲೆಕ್ಕ ಫೀಡರ್ ಸಮೇತ ಇದ್ದರೆ, "ಇಷ್ಟು ದರ ಕೊಟ್ಟರೂ ಈ ಗುಣಮಟ್ಟ" ಅಂತ ತೋರಿಸಬಹುದು. ಕರಡು ನೀವು ಮಾಡಿ, ಅಧ್ಯಕ್ಷರು ಮಂಡಿಸಲಿ. ಅದರಿಂದ ದರ ಇಳಿಯುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ.

ದುಡ್ಡು

ನವೆಂಬರ್ ಬಂದರೆ ರಾಜ್ಯೋತ್ಸವ, ಚಂದಾ ಎತ್ತುವ ಕೆಲಸ ಕಿರಿಯರಿಗೇ ಬರುತ್ತದೆ. ಒಂದು ರೂಪಾಯಿಯೂ ನಿಮ್ಮ ಯುಪಿಐ ನಂಬರ್‌ಗೆ ಬೇಡ. ಸಂಘದ ಖಾತೆಗೇ ಹೋಗಲಿ, ಸಂಘದ ರಸೀದಿಯೇ ಕೊಡಿ. ನಿಮ್ಮ ಕೈಯಿಂದ ಖರ್ಚು ಮಾಡಿದ್ದರೆ ಬಿಲ್ ಸಮೇತ ಅದೇ ವಾರ ಖಜಾಂಚಿಗೆ ಕೊಡಿ.

ಆರ್ಡರ್ ಯಾವಾಗ?

ಉಪಸಮಿತಿಯ ಕೆಲಸಕ್ಕೆ ಹೋದಾಗ ವಿಸಿಟಿಂಗ್ ಕಾರ್ಡ್ ಹೊರಗೆ ತೆಗೆಯಬೇಡಿ. ಕೇಳುವ ದಿನ ಬರುತ್ತದೆ, ಅದಕ್ಕೆ ಒಂದು ವರ್ಷವೂ ಆಗಬಹುದು. "ಅಲ್ಲಾ, ನಿಮ್ಮಲ್ಲಿ ಏನ್ ಮಾಡ್ತೀರಿ?" ಅಂತ ಹಿರಿಯರೊಬ್ಬರು ಕೇಳುತ್ತಾರೆ. ಉತ್ತರ ಚಿಕ್ಕದಾಗಿರಲಿ: ಯಾವ ಮೆಷಿನ್, ಎಷ್ಟು ದೊಡ್ಡ ಜಾಬ್, ಎಷ್ಟು ನಿಖರತೆ. ಜೊತೆಗೆ ನೀವು ಮಾಡದೇ ಇರುವುದನ್ನೂ ಹೇಳಿ. "ಗ್ರೈಂಡಿಂಗ್ ನಮ್ಮಲ್ಲಿಲ್ಲ ಸರ್, ಹೊರಗೆ ಮಾಡಿಸ್ತೀವಿ" ಅಂದರೆ ಉಳಿದ ಮಾತಿನ ಮೇಲೂ ನಂಬಿಕೆ ಬರುತ್ತದೆ.

ಮೊದಲ ಕೆಲಸ ಸಣ್ಣದೇ ಬರುತ್ತದೆ, ಅವರು ಪರೀಕ್ಷೆ ಮಾಡುತ್ತಿರುತ್ತಾರೆ. ಮೊದಲ ಪೀಸ್‌ನ ಅಳತೆ ವರದಿ ಕಳಿಸಿ ಒಪ್ಪಿಗೆ ಪಡೆದೇ ಮುಂದಿನದು ಹಾಕಿ. ಕೆಟ್ಟ ಪೀಸ್ ಮುಚ್ಚಿಡಬೇಡಿ, ಲೆಕ್ಕ ಸಮೇತ ವಾಪಸ್ ಕೊಡಿ. ಸ್ಕ್ರ್ಯಾಪ್ ಯಾರದ್ದು ಅಂತ ಮೊದಲೇ ಕೇಳಿ ಬರೆದುಕೊಳ್ಳಿ. ಹಿತ್ತಾಳೆ, ಅಲ್ಯೂಮಿನಿಯಂ ಕೆಲಸದಲ್ಲಿ ಸಂಬಂಧ ಕೆಡುವುದು ಈ ಚೂರಿನ ಲೆಕ್ಕದಲ್ಲೇ ಜಾಸ್ತಿ. ಆರ್ಡರ್ ಕೊಟ್ಟವರ ಟಿಸಿ ಸಮಸ್ಯೆ ಉಳಿದವರಿಗಿಂತ ಮೊದಲು ಎತ್ತಿಕೊಳ್ಳಬೇಡಿ. ಪಟ್ಟಿಯಲ್ಲಿ ಬಂದ ಸರದಿಯಂತೆಯೇ ಹೋಗಲಿ, ಉಳಿದವರು ನೋಡುತ್ತಿರುತ್ತಾರೆ.

ಚುನಾವಣೆ ಬಂದಾಗ

ಕೆಲಸ ಮಾಡುವವರು ಅಂತ ಹೆಸರು ಬಂದ ಮೇಲೆ ಎರಡೂ ಗುಂಪಿನವರು ಫೋನ್ ಮಾಡುತ್ತಾರೆ, "ನಮ್ಮ ಟೀಮ್‌ನಲ್ಲಿ ಬನ್ನಿ" ಅಂತ. ಮೊದಲ ಸಲ ಬೇಡ ಅನ್ನುವುದು ಒಳ್ಳೆಯದು. "ಯಾರು ಗೆದ್ದರೂ ಕರೆಂಟ್ ಲೆಕ್ಕ ನಾನು ಮುಂದುವರಿಸ್ತೀನಿ ಸರ್" ಅಂತ ಇಬ್ಬರಿಗೂ ಒಂದೇ ಉತ್ತರ ಕೊಡಿ. ಒಂದು ಗುಂಪಿನ ಜೊತೆ ನಿಂತು ಸೋತರೆ ಅರ್ಧ ಸಂಘದ ಬಾಗಿಲು ಮುಚ್ಚುತ್ತದೆ. ಗೆದ್ದರೂ ಇನ್ನರ್ಧದ ಬಾಗಿಲು ಮುಚ್ಚುತ್ತದೆ. ಎರಡು-ಮೂರು ವರ್ಷ ಕಳೆದ ಮೇಲೆ, ಎರಡೂ ಕಡೆಯವರು ಸೂಚಿಸಿದರೆ ಜಂಟಿ ಕಾರ್ಯದರ್ಶಿಯಂಥ ಕೆಲಸದ ಹುದ್ದೆಗೆ ನಿಲ್ಲಬಹುದು.

ಅಷ್ಟರೊಳಗೆ ಉಪಸಮಿತಿಗೆ ಇನ್ನೊಬ್ಬರನ್ನು ತಯಾರು ಮಾಡಿರಬೇಕು. ಲೆಕ್ಕದ ಹಾಳೆ ನಿಮ್ಮ ಸ್ವಂತ ಮೇಲ್‌ನಲ್ಲಿದ್ದರೆ ಅದನ್ನು ಸಂಘದ ಮೇಲ್‌ಗೆ ಹಾಕಿ. ಫೀಡರ್-ಟಿಸಿ ಪಟ್ಟಿ, ಸೂಪರ್‌ವೈಸರ್‌ಗಳ ನಂಬರ್, ಬೆಸ್ಕಾಂಗೆ ಕೊಟ್ಟ ಪತ್ರಗಳ ಸ್ವೀಕೃತಿ ಪ್ರತಿ, ಇನ್ನೂ ಆಗದೇ ಉಳಿದ ಕೆಲಸಗಳ ಪಟ್ಟಿ, ಎಲ್ಲವನ್ನೂ ಒಂದು ಫೈಲ್‌ನಲ್ಲಿ ಸಂಘದ ಮ್ಯಾನೇಜರ್ ಕೈಗೆ ಕೊಟ್ಟು ಸಹಿ ತೆಗೆದುಕೊಳ್ಳಿ. ಹೊಸಬರನ್ನು ಶಾಖಾಧಿಕಾರಿಗಳ ಹತ್ತಿರ ಒಂದು ಸಲ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಆ ಸಲ ಕಾಗದ ಅವರ ಕೈಲಿರಲಿ.